ಬೇಸಿಗೆಯಲ್ಲೂ ಆರದ ಗೋಡೆ: ಮೇಸ್ತ್ರಿಗೆ ಪ್ರಶ್ನೆ

ಸುಮಾ, ರಾಜಾಜಿನಗರ: ಮೇಸ್ತ್ರಿಗಳೇ, ನಮ್ಮ ಬೆಡ್‌ರೂಮ್ ಗೋಡೆಯ ಆಚೆ ಬದಿ ಬಾತ್‌ರೂಮ್. ನೆಲದಿಂದ ಮೂರಡಿ ಮೇಲೆ ಊಟದ ತಟ್ಟೆಯಷ್ಟು ಅಗಲ ಪಸೆ ಹಿಡಿದಿದೆ. ಎರಡು ವರ್ಷದಲ್ಲಿ ಮೂರು ಸಲ ಪೇಂಟ್ ಮಾಡಿಸಿದೆವು, ಕೊನೆಯ ಸಲ ವಾಟರ್‌ಪ್ರೂಫ್ ಪೇಂಟ್. ಈಗ ಅದು ಬಲೂನಿನ ಹಾಗೆ ಉಬ್ಬಿದೆ, ಪಿನ್ ಚುಚ್ಚಿದರೆ ನೀರು ಬಂತು. ಮಾರ್ಚ್ ತಿಂಗಳಲ್ಲಿ ಒಂದು ಹನಿ ಮಳೆ ಇರಲಿಲ್ಲ, ಆಗಲೂ ಆರಲಿಲ್ಲ. ಮನೆಗೆ 15 ವರ್ಷ.

ಲೋಕೇಶ್: ಸಿಂಪಲ್ ಮೇಡಂ. ಎಲ್ಲಾ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ತಿರುಗುತ್ತಿದ್ದರೆ ಪೈಪ್ ಲೀಕ್, ಇಲ್ಲದಿದ್ದರೆ ಅಲ್ಲ.

ರವಿ ಮೇಸ್ತ್ರಿ: ಲೋಕೇಶ್, ಯೋಚನೆ ಸರಿ, ಆದರೆ ನಮ್ಮೂರಿನ ಮನೆಗಳಲ್ಲಿ ನಡೆಯಲ್ಲ. ಜಲಮಂಡಳಿ ಮೀಟರ್ ಇರುವುದು ಸಂಪಿಗಿಂತ ಮುಂಚೆ. ಮನೆಯೊಳಗಿನ ಪೈಪಿಗೆ ನೀರು ಇಳಿಯುವುದು ತಾರಸಿ ಟ್ಯಾಂಕಿನಿಂದ. ಸಂಪು ತುಂಬಿದ್ದರೆ ಒಳಗೆ ಎಷ್ಟೇ ಸೋರಲಿ, ಮೀಟರ್ ಅಲ್ಲಾಡಲ್ಲ. ಸುಮಾ ಮೇಡಂ, ಎರಡು ವಿಷಯ ಹೇಳಿ. ಸೋಲಾರ್ ಇದೆಯಾ? ಪಸೆಯ ಹತ್ತಿರ ಸ್ವಿಚ್‌ಬೋರ್ಡ್ ಇದೆಯಾ? ಇದ್ದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಆ ಜಾಗ ಮುಟ್ಟಿ ನೋಡಿ.

ಮಂಜುನಾಥ್: ಯಾವ ಕಂಪನಿ ಪೇಂಟ್ ಒಳ್ಳೇದು ಸರ್?

ಸುಮಾ, ರಾಜಾಜಿನಗರ: ಸೋಲಾರ್ ಇದೆ. ಸ್ವಿಚ್‌ಬೋರ್ಡ್ ಪಸೆಯಿಂದ ಒಂದಡಿ ಮೇಲಿದೆ. ಮೇನ್ ಆಫ್ ಮಾಡಿಯೇ ಮುಟ್ಟಿದೆ. ಸುತ್ತಲಿನ ಗೋಡೆ ತಣ್ಣಗಿದೆ, ಆ ಜಾಗ ಮಾತ್ರ ಉಗುರು ಬೆಚ್ಚಗಿದೆ!

ರವಿ ಮೇಸ್ತ್ರಿ: ಹಾಗಾದರೆ ಬಿಸಿನೀರಿನ ಪೈಪಿನ ಮೇಲೆ ನನ್ನ ಅನುಮಾನ. ಆ ಸ್ವಿಚ್‌ಬೋರ್ಡಿನ ಲೈನಿಗೆ ಬರುವ ಎಂಸಿಬಿ ಇವತ್ತೇ ಇಳಿಸಿ, ಎಲೆಕ್ಟ್ರಿಷಿಯನ್ ನೋಡುವ ತನಕ ಏರಿಸಬೇಡಿ. ನನಗೆ ಭಯ ಇರುವುದು ಅಲ್ಲಿ, ಪೇಂಟಿನ ಬಗ್ಗೆ ಅಲ್ಲ. ನೀವು ಹೊಡೆಸಿದ ವಾಟರ್‌ಪ್ರೂಫ್ ಪೇಂಟ್ ನೀರನ್ನು ನಿಲ್ಲಿಸಿಲ್ಲ, ಈಚೆ ಬರದ ಹಾಗೆ ತಡೆದಿದೆ ಅಷ್ಟೇ. ತಡೆದ ನೀರು ಗೋಡೆಯೊಳಗೇ ಪಕ್ಕಕ್ಕೆ, ಮೇಲಕ್ಕೆ ದಾರಿ ಹುಡುಕುತ್ತದೆ.

ಗೋಡೆ ಒಡೆಯುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ರಾತ್ರಿ 10ಕ್ಕೆ ಮೋಟರ್ ಆಫ್ ಮಾಡಿ, ಎಲ್ಲಾ ನಲ್ಲಿ ಮುಚ್ಚಿ, ಕಮೋಡ್ ಹಿಂದಿನ ಆಂಗಲ್ ಕಾಕ್ ಕೂಡ ಮುಚ್ಚಿ, ಯಾಕೆಂದರೆ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿರುತ್ತದೆ. ತಾರಸಿ ಟ್ಯಾಂಕಿನ ತಳಕ್ಕೆ ಒಣ ಕೋಲು ಇಳಿಸಿ, ಒದ್ದೆಯಾದ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ 6ಕ್ಕೆ ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ಇಳಿಸಿ ನೋಡಿ. ಸಾವಿರ ಲೀಟರಿನ ಟ್ಯಾಂಕ್ ಆದರೆ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚುಕಡಿಮೆ 10 ಲೀಟರ್ ಹೋಗಿದೆ ಅಂತ. ಮಾರನೆ ರಾತ್ರಿ ಸೋಲಾರ್‌ನಿಂದ ಕೆಳಗಿಳಿಯುವ ಬಿಸಿನೀರಿನ ವಾಲ್ವ್ ಮುಚ್ಚಿ ಇದನ್ನೇ ಮಾಡಿ. ಮೊದಲ ರಾತ್ರಿ ಇಳಿದು ಎರಡನೇ ರಾತ್ರಿ ನಿಂತರೆ ಕಳ್ಳ ಸಿಕ್ಕಿದ. ಎರಡೂ ರಾತ್ರಿ ಇಳಿಯದೇ ಇದ್ದರೆ ಪೈಪ್ ಚೆನ್ನಾಗಿದೆ ಅಂತ ತಿಳಿಯಬೇಡಿ. ರಾತ್ರಿಗೆ ಒಂದೆರಡು ಲೀಟರ್ ಒಸರಿದರೆ ಕೋಲಿನಲ್ಲಿ ಕಾಣಲ್ಲ.

ಕುಸುಮಾ ಆಂಟಿ: ಫಾರ್ವರ್ಡ್ ಬಂದಿದೆ ನೋಡಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಕಲಸಿ ಹಚ್ಚಿದರೆ ಬೂಷ್ಟು, ಕಲೆ ಎರಡೂ ಹತ್ತೇ ನಿಮಿಷಕ್ಕೆ ಮಾಯ 🙏

ರವಿ ಮೇಸ್ತ್ರಿ: ಅಮ್ಮ, ದಯವಿಟ್ಟು ಅದನ್ನು ಡಿಲೀಟ್ ಮಾಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತದೆ. ಯಾರೂ ಮಾಡಬೇಡಿ.

ಕುಸುಮಾ ಆಂಟಿ: ನಮ್ಮ ತಂಗಿ ಮಾಡಿದಳಪ್ಪ, ಏನೂ ಆಗಲಿಲ್ಲ.

ಫಾತಿಮಾ, ಯಲಹಂಕ: ನಮ್ಮದು ಗೋಡೆ ಅಲ್ಲ, ಸೀಲಿಂಗ್. ಮಧ್ಯದಲ್ಲಿ ಕಂದು ಕಲೆ, ಅದರ ಮೇಲೇ ಉದ್ದಕ್ಕೆ ಬಿರುಕು, ಸಣ್ಣ ಚೂರುಗಳು ಉದುರುತ್ತಿವೆ. ಇದಕ್ಕೂ ಟ್ಯಾಂಕ್ ಟೆಸ್ಟ್ ಮಾಡಬೇಕಾ?

ಲೋಕೇಶ್: ತಾರಸಿಗೆ ವೈಟ್ ಸಿಮೆಂಟ್ ಬಳಿದರೆ ಸಾಕು.

ರವಿ ಮೇಸ್ತ್ರಿ: ಸಾಕಾಗಲ್ಲ. ಕಂಬಿ ಇರುವ ನೇರಕ್ಕೆ ಬಿರುಕು ಬಿಟ್ಟು ತುಕ್ಕಿನ ಕಲೆ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿರಬಹುದು. ಅದು ನನ್ನ ಕೈ ಮೀರಿದ್ದು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಅದರ ಕೆಳಗಿರುವ ಮಂಚವನ್ನು ಇವತ್ತೇ ಸರಿಸಿ.

ಮಂಜುನಾಥ್: ಪೇಂಟ್ ಬಗ್ಗೆ ಕೇಳಿದ್ದೆ ಸರ್.

ರವಿ ಮೇಸ್ತ್ರಿ: ನೀರು ನಿಂತ ಮೇಲೆ ಯಾವುದಾದರೂ ಆಗುತ್ತೆ.

ಪ್ರಶಾಂತ್: ನಾನು ಬಾಡಿಗೆಗಿರೋದು. ಗೋಡೆ ಉಪ್ಪು ಕಾರುತ್ತಿದೆ. ಓನರ್ ನಿಮ್ಮ ಅಡ್ವಾನ್ಸ್‌ನಲ್ಲೇ ಹಿಡಿಯುತ್ತೇನೆ ಅಂತಾರೆ. ಇದು ನ್ಯಾಯಾನಾ?

ವೆಂಕಟೇಶ್ (ಓನರ್): ಬಕೆಟ್‌ಗಟ್ಟಲೆ ನೀರು ಚೆಲ್ಲಿ, ಕಿಟಕಿ ಮುಚ್ಚಿ, ರೂಮಿನೊಳಗೇ ಬಟ್ಟೆ ಒಣಗಿಸೋದು ಯಾರು? ಆಮೇಲೆ ಎಲ್ಲಾ ಓನರ್ ತಲೆಗೆ.

ಪ್ರಶಾಂತ್: ಗೋಡೆಯೊಳಗಿನ ಪೈಪನ್ನೂ ನಾವೇ ತೂತು ಮಾಡಿದ್ವಾ ಸಾರ್? 10 ತಿಂಗಳ ಅಡ್ವಾನ್ಸ್ ಇಟ್ಟುಕೊಂಡು ಒಂದು ಪ್ಲಂಬರ್ ಕಳಿಸೋಕಾಗಲ್ವಾ?

ವೆಂಕಟೇಶ್ (ಓನರ್): ನಿಮ್ಮಂಥವರಿಗೆ ಮನೆ ಕೊಡೋದೇ ತಪ್ಪು.

ಸುಮಾ, ರಾಜಾಜಿನಗರ: ಜಗಳ ಬೇರೆ ಕಡೆ ಇಟ್ಟುಕೊಳ್ಳಿ ಪ್ಲೀಸ್, ನನ್ನ ಪ್ರಶ್ನೆ ಕಳೆದುಹೋಗುತ್ತಿದೆ. ಮೇಸ್ತ್ರಿಗಳೇ, ಎರಡು ರಾತ್ರಿ ನೋಡಿದೆ. ಸಾವಿರ ಲೀಟರಿನ ಟ್ಯಾಂಕ್. ಮೊದಲ ರಾತ್ರಿ ಎರಡು ಸೆಂಟಿಮೀಟರ್ ಇಳಿದಿದೆ. ಬಿಸಿನೀರಿನ ವಾಲ್ವ್ ಮುಚ್ಚಿದ ರಾತ್ರಿ ಅರ್ಧ ಸೆಂಟಿಮೀಟರ್. ಬಾತ್‌ರೂಮ್ ಟೈಲ್ಸ್ ಪೂರ್ತಿ ಒಡೆಯಬೇಕು ಅಂತ ಪ್ಲಂಬರ್ ಹೇಳ್ತಿದ್ದಾನೆ. ಆ ಟೈಲ್ಸ್ ಈಗ ಸಿಗಲ್ಲ.

ರವಿ ಮೇಸ್ತ್ರಿ: ಒಂದು ರಾತ್ರಿಗೆ 20 ಲೀಟರ್! ಪೂರ್ತಿ ಒಡೆಯುವುದು ಬೇಡ. ಬೆಡ್‌ರೂಮ್ ಕಡೆ ಪ್ಲಾಸ್ಟರ್ ಹೇಗೂ ಹೋಯಿತು, ಆ ಕಡೆಯಿಂದಲೇ ಬಿಚ್ಚಿಸಿ. ಅತಿ ಬೆಚ್ಚಗಿರುವ ಜಾಗದಲ್ಲಿ ಒಂದಡಿ ಚೌಕ ತೆಗೆದರೆ ಸಾಮಾನ್ಯವಾಗಿ ಎಲ್ಬೋ ಅಥವಾ ಟೀ ಸಿಗುತ್ತದೆ, ಸೋರುವುದು ಹೆಚ್ಚಾಗಿ ಅಲ್ಲೇ. ನಾಲ್ಕಿಂಚಿನ ಗೋಡೆ ಇರಬೇಕು, ಬ್ರೇಕರ್ ಮೆಷಿನ್ ಬೇಡ, ಉಳಿ ಸುತ್ತಿಗೆ ಸಾಕು. ಜಾಯಿಂಟ್ ಬದಲಿಸಿದ ದಿನವೇ ಮುಚ್ಚಬೇಡಿ. ವಾಲ್ವ್ ತೆರೆದು ಎರಡು ದಿನ ಹಾಗೇ ಬಿಟ್ಟು, ಪೈಪಿಗೆ ಟಿಶ್ಯೂ ಸುತ್ತಿ ಒದ್ದೆಯಾಗುತ್ತದಾ ನೋಡಿ.

ಆಮೇಲೆ ಪಸೆಯ ಅಂಚಿನಿಂದ ಒಂದಡಿ ಆಚೆಯವರೆಗೆ ಪ್ಲಾಸ್ಟರ್ ಇಟ್ಟಿಗೆ ಕಾಣುವ ತನಕ ಕೆತ್ತಿಸಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತದೆ, ಆರು ತಿಂಗಳಿಗೆ ಈಚೆ ಬರುತ್ತದೆ. ಇನ್ನು ಯಾರಿಗೂ ಇಷ್ಟವಾಗದ ಮಾತು: ಫ್ಯಾನ್ ಹಾಕಿ ಕಿಟಕಿ ತೆರೆದು ತಿಂಗಳುಗಟ್ಟಲೆ ಹಾಗೇ ಬಿಡಬೇಕು. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವ ಲೆಕ್ಕವಿದೆ. ಎರಡೂ ಮುಖದಿಂದ ಒಣಗಿದರೆ ಬೇಗ, ಆದರೆ ನಿಮ್ಮದಕ್ಕೆ ಆ ಕಡೆ ಟೈಲ್ಸ್ ಇದೆ. ಕ್ಯಾಲೆಂಡರ್ ನಂಬಬೇಡಿ. ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆ ಮುಖದಲ್ಲಿ ಹಬೆ ಕಟ್ಟಿದ್ದರೆ ಇನ್ನೂ ಕಾಯಿರಿ.

ಒಣಗಿದ ಮೇಲೆ ಒಂದಕ್ಕೆ ನಾಲ್ಕು ಸಿಮೆಂಟ್ ಮರಳಿನ ಗಾರೆ, ಏಳು ದಿನ ನೀರು ಹಾಕುವುದು, ಆಮೇಲೆ ಮತ್ತೆ ಮೂರು ವಾರ ಬಿಡುವುದು. ಆ ಗೋಡೆಗೆ ಪಿಒಪಿ ಬೇಡ, ತೇವ ತಗುಲಿದರೆ ಮೆತ್ತಗಾಗುತ್ತದೆ.

ಸುಮಾ, ರಾಜಾಜಿನಗರ: ವಾಲ್ವ್ ಮುಚ್ಚಿದ ಮೇಲೂ ಅರ್ಧ ಸೆಂಟಿಮೀಟರ್ ಯಾಕೆ ಇಳಿಯಿತು ಹಾಗಾದರೆ?

ರವಿ ಮೇಸ್ತ್ರಿ: ಹಳೆ ಗೇಟ್ ವಾಲ್ವ್ ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚಿಕೊಳ್ಳದೇ ಇರಬಹುದು. ಅಥವಾ ಇನ್ನೊಂದು ಕಡೆಯೂ ಸೋರುತ್ತಿರಬಹುದು. ಇಲ್ಲಿಂದ ಹೇಳಲಾಗಲ್ಲ. ಜಾಯಿಂಟ್ ಸರಿ ಮಾಡಿಸಿದ ಮೇಲೆ ಇನ್ನೊಂದು ರಾತ್ರಿ ಕೋಲು ಇಳಿಸಿ ನೋಡಿ, ಗೋಡೆ ಮುಚ್ಚುವ ಮುಂಚೆ.

ಕುಸುಮಾ ಆಂಟಿ: ಟೂತ್‌ಪೇಸ್ಟ್ ಹಚ್ಚಿದರೆ ಕಲೆ ಹೋಗುತ್ತೆ ಅಂತ ಇನ್ನೊಂದು ಬಂದಿದೆ...

ರವಿ ಮೇಸ್ತ್ರಿ: ಹಲ್ಲಿಗೆ ಹಚ್ಚಿ ಅಮ್ಮ. ನಾನು ಸೈಟಿಗೆ ಹೊರಟೆ.