ಅಪ್‌ಡೇಟ್: ಮಾಕ್ ಇಂಟರ್‌ವ್ಯೂ ಹ್ಯಾಂಡ್‌ಔಟ್ ಬದಲಾಯಿಸಿದೆ

ನಾನು ಕೇಳಿದ್ದು: "ಜೂನಿಯರ್‌ಗಳಿಗೆ 40 ಪ್ರಶ್ನೆ-ಉತ್ತರಗಳ ಹ್ಯಾಂಡ್‌ಔಟ್ ಕೊಟ್ಟಿದ್ದೇನೆ. ಎಲ್ಲ ಬಾಯಿಪಾಠ ಮಾಡುತ್ತಾರೆ, ಆದರೆ ಪ್ರಾಜೆಕ್ಟ್ ಬಗ್ಗೆ ಎರಡನೇ ಪ್ರಶ್ನೆ ಬಂದರೆ ಸುಮ್ಮನಾಗುತ್ತಾರೆ. ಏನು ಮಾಡಲಿ?"

ನೀವು ಹೇಳಿದಂತೆ ಸಿದ್ಧ ಉತ್ತರಗಳನ್ನು ತೆಗೆದುಬಿಟ್ಟೆ. ಈಗ ಇರುವುದು ಒಂದೇ ಹಾಳೆ. ಮೇಲೆ ರೆಸ್ಯೂಮೆಯ ಒಂದು ಸಾಲು, ಕೆಳಗೆ ಮೂರು ಪ್ರಶ್ನೆ: ಇದರಲ್ಲಿ ನೀನು ಮಾಡಿದ್ದೇನು? ಈ ಸಂಖ್ಯೆ ಎಲ್ಲಿಂದ ಬಂತು? ಇದು ಎಲ್ಲಿ ಕೆಲಸ ಮಾಡಲ್ಲ?

ಎರಡನೆಯದೇ ಜಾಸ್ತಿ ಕೆಲಸಕ್ಕೆ ಬಂತು. ಒಬ್ಬ ಹುಡುಗಿ "ಫೋಟೋ ನೋಡಿ ಬಿರುಕು ಬಿಟ್ಟ ಬಿಡಿಭಾಗ ಹುಡುಕುವ ಮಾಡೆಲ್, ಅಕ್ಯುರೆಸಿ 95%" ಎಂದು ಬರೆದಿದ್ದಳು. ಎಷ್ಟು ಫೋಟೋ ಅಂತ ಕೇಳಿದೆ. ಟೆಸ್ಟ್‌ಗೆ 200. ಬಿರುಕಿದ್ದದ್ದು? 10. ಹಾಗಾದರೆ ಮಾಡೆಲ್ ಕಣ್ಣುಮುಚ್ಚಿ ಎಲ್ಲವನ್ನೂ "ಸರಿಯಿದೆ" ಅಂದರೂ 190 ಸರಿ, ಅದೇ 95% ಅಲ್ವಾ? ಅವಳು ಪೆನ್ನು ಕೆಳಗಿಟ್ಟು ಹಾಳೆಯನ್ನೇ ನೋಡುತ್ತಾ ಕೂತಳು. ನನಗೂ ಪಾಪ ಅನ್ನಿಸಿತು.

ಮನೆಗೆ ಹೋಗಿ ಮತ್ತೆ ಎಣಿಸಿದಳು. 10 ಬಿರುಕುಗಳಲ್ಲಿ ಮಾಡೆಲ್ 6 ಹಿಡಿದಿತ್ತು, 6 ಒಳ್ಳೆಯ ಭಾಗಗಳನ್ನು ಕೆಟ್ಟದ್ದು ಅಂದಿತ್ತು. ಅಂದರೆ ರೀಕಾಲ್, ಇದ್ದ ಬಿರುಕುಗಳಲ್ಲಿ ಮಾಡೆಲ್ ಹಿಡಿದ ಪಾಲು, 60%. ಮುಂದಿನ ಸುತ್ತಿನಲ್ಲಿ ಇದನ್ನೇ ನೇರವಾಗಿ ಹೇಳಿದಳು. ತಪ್ಪಿಹೋದ ನಾಲ್ಕರಲ್ಲಿ ಮೂರು ಫೋಟೋ ಮಂದ ಬೆಳಕಿನವು ಅಂತಲೂ ಸೇರಿಸಿದಳು. ಆಮೇಲೆ ನಾನು ಕೇಳಿದ ಪ್ರಶ್ನೆಗಳೆಲ್ಲ ಬೆಳಕಿನ ಬಗ್ಗೆಯೇ. ಹತ್ತು ನಿಮಿಷ ಆರಾಮಾಗಿ ಮಾತಾಡಿದಳು.

ಟೀಮ್ ಪ್ರಾಜೆಕ್ಟ್‌ನವರು ಮೊದಲ ಪ್ರಶ್ನೆಗೆ ಇನ್ನೂ "ನಾವು ಮಾಡಿದೆವು" ಅಂತಲೇ ಶುರು ಮಾಡುತ್ತಾರೆ. ಮುಂದಿನ ವಾರ ಕೂತು ಅದನ್ನು ಸರಿಮಾಡಲು ನೋಡುತ್ತೇವೆ.