ಹಣ ಸಂದಾಯವಾಗಿಯೂ ಮುಂದೆ ಸಾಗದ ಆರ್ಡರ್‌ಗೆ ಏನೆನ್ನಬೇಕು?

ಪ್ರಶ್ನೆ: ಮಾನ್ಯರೇ, ಆನ್‌ಲೈನ್ ಮಾರಾಟದ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಗ್ರಾಹಕರು ಹಣ ಕೊಟ್ಟಿದ್ದರೂ ಸರಕು ತಲುಪದೆ ನಡುವೆ ಎಲ್ಲೋ ನಿಂತುಹೋದ ಆರ್ಡರ್‌ಗಳ ಪಟ್ಟಿಗೆ ‘ಬಾಕಿ ಆರ್ಡರ್‌ಗಳು’ ಎಂದು ಹೆಸರಿಟ್ಟಿದ್ದೆ. ಪರೀಕ್ಷಿಸಿದವರು ಅದನ್ನು ಹಣದ ಬಾಕಿಯೆಂದು ತಿಳಿದು, ಹಣ ಕೊಟ್ಟವರಿಗೇ ಮತ್ತೆ ನೆನಪೋಲೆ ಕಳುಹಿಸಲು ಹೊರಟಿದ್ದರು. ಬೇರೆ ಪದವಿದೆಯೇ?

ಉತ್ತರ 1: ಬಾಕಿ ಅರಬ್ಬಿಯದು, ಇಂಥ ತಂತ್ರಾಂಶಗಳಲ್ಲಿ ಕಾಣುವ ‘ರವಾನೆ’ ಪಾರಸಿಯದು. ‘ಕಳುಹು’ ಎಂಬ ನಮ್ಮದೇ ಧಾತುವಿರುವಾಗ ಈ ಎರವಲು ಅನಗತ್ಯ. ‘ತಡೆದ ಬೇಡಿಕೆ’ ಎನ್ನಿ.

ಉತ್ತರ 2: ‘ತಡೆದ’ ಎಂದರೆ ಯಾರೋ ಬೇಕೆಂದೇ ತಡೆದಿದ್ದಾರೆ ಎಂದಾಗುತ್ತದೆ. ಇಲ್ಲಿ ಯಾರೂ ತಡೆದಿಲ್ಲ, ಯಾರೂ ಗಮನಿಸಿಲ್ಲ ಅಷ್ಟೆ. ನಾನು ಗೋದಾಮಿನ ಲೆಕ್ಕ ನೋಡುವವನು. ನನ್ನ ಅನುಭವದಲ್ಲಿ ದೊಡ್ಡ ಗೊಂದಲವಿರುವುದು ‘ರವಾನೆಯಾಗಿದೆ’ ಎಂಬಲ್ಲಿ. ಸೋಮವಾರ ಬೆಳಿಗ್ಗೆ ಹಣ ಬಂದ ಆರ್ಡರ್ ಒಂದಕ್ಕೆ ಸಂಜೆ ವಿಳಾಸದ ಚೀಟಿ ಮುದ್ರಿಸಿದೊಡನೆ ತಂತ್ರಾಂಶವು ‘ರವಾನೆಯಾಗಿದೆ’ ಎಂದು ಬರೆದುಕೊಂಡಿತು. ಪೊಟ್ಟಣ ಮಾತ್ರ ಕಪಾಟಿನಲ್ಲೇ ಇತ್ತು, ಏಕೆಂದರೆ ಕೊರಿಯರ್‌ನವರು ಅದನ್ನು ಒಯ್ದಿರಲೇ ಇಲ್ಲ. ನಾವು ‘ಪಾವತಿಯಾಗಿದೆ’ ಎಂಬ ಹಂತದಲ್ಲಿ 24 ಗಂಟೆಗಿಂತ ಹೆಚ್ಚು ನಿಂತವನ್ನಷ್ಟೇ ಹುಡುಕುತ್ತಿದ್ದುದರಿಂದ, ಗುರುವಾರ ಗ್ರಾಹಕರು ಕೇಳುವವರೆಗೆ ಅದು ಕಣ್ಣಿಗೆ ಬೀಳಲಿಲ್ಲ. ಆದ್ದರಿಂದ ‘ಚೀಟಿ ಸಿದ್ಧ’ ಮತ್ತು ‘ಕೊರಿಯರ್ ಕೈಸೇರಿದೆ’ ಎಂದು ಎರಡು ಹಂತ ಮಾಡಿ. ಎರಡನೆಯದು ಕೊರಿಯರ್‌ನವರ ಮೊದಲ ಸ್ಕ್ಯಾನ್‌ನಿಂದಲೇ ಬರಲಿ.

ಉತ್ತರ 3: ನನ್ನದೂ ಇದೇ ಗೋಳು. ಖಾತೆಯಿಂದ ಹಣ ಹೋಗಿದೆ, ಅಂಗಡಿಯ ಪುಟದಲ್ಲಿ ಮಾತ್ರ ‘ಪಾವತಿಗಾಗಿ ಕಾಯಲಾಗುತ್ತಿದೆ’ ಎಂದೇ ಇದೆ. ಇದೂ ಆ ಪಟ್ಟಿಯಲ್ಲಿ ಬರಬೇಕಲ್ಲವೇ?

ಉತ್ತರ 2: ಬರಬೇಕು, ಆದರೆ ಹಂತಗಳನ್ನು ನೋಡಿ ಅದನ್ನು ಹಿಡಿಯಲಾಗದು. ಹಣ ಬಂದಿತೆಂಬ ಸಂದೇಶ ಪಾವತಿ ಗೇಟ್‌ವೇಯಿಂದ ಅಂಗಡಿಗೆ ತಲುಪದಿದ್ದಾಗ ಹೀಗಾಗುತ್ತದೆ. ಅಂಗಡಿಯ ದೃಷ್ಟಿಯಲ್ಲಿ ನೀವು ಹಣವನ್ನೇ ಕೊಟ್ಟಿಲ್ಲ. ಗೇಟ್‌ವೇಯ ಪಟ್ಟಿಯನ್ನೂ ಆರ್ಡರ್ ಪಟ್ಟಿಯನ್ನೂ ದಿನವೂ ತಾಳೆ ನೋಡುವುದೊಂದೇ ದಾರಿ.

ಉತ್ತರ 1: ‘ಪಾವತಿ’ ಮರಾಠಿಯಲ್ಲಿ ರಸೀದಿ. ಹಣ ಕೊಡುವುದಕ್ಕೆ ಆ ಪದವನ್ನು ಬಳಸುವವರೊಡನೆ ವಾದಿಸಿ ಫಲವಿಲ್ಲ.

ಉತ್ತರ 4: ಹಾಗಾದರೆ ಪಾರಸಿಯಿಂದ ಬಂದ ರಸೀದಿಯನ್ನೂ ಬಿಡಬೇಕಾದೀತು. ‘ನೆನೆಗುದಿಗೆ ಬಿದ್ದ ಆರ್ಡರ್‌ಗಳು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಅರ್ಥ ಸರಿಯಾಗಿದೆ, ಆದರೆ ಗುಂಡಿಯ ಮೇಲೆ 12 ಅಕ್ಷರಗಳಷ್ಟೇ ಹಿಡಿಯುತ್ತವೆ. ಇದು ಹಂತವಲ್ಲ, ಯಾವ ಹಂತದಲ್ಲಾದರೂ ಆಗಬಹುದಾದ ವಿಳಂಬ ಎಂದು ಈಗ ತಿಳಿಯಿತು. ಆದ್ದರಿಂದ ಹಂತದ ಹೆಸರನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘3 ದಿನದಿಂದ ನಿಂತಿದೆ’ ಎಂದು ತೋರಿಸುತ್ತೇನೆ. ಪಟ್ಟಿಗೆ ‘ನಿಂತವು’ ಎಂದರೆ ತೀರಾ ಬೋಳಾಗುತ್ತದೆಯೇ?

ಉತ್ತರ 1: ‘ನಿಂತವು’ ಭೂತಕಾಲದ ಕ್ರಿಯಾಪದವೂ ಹೌದು. ಓದುವವರು ಯಾವುದೆಂದು ತಿಳಿಯಬೇಕು?