ಟಿಟಿ ಬರಲೇ ಇಲ್ಲ, ಕಾರ್ಡಿನಿಂದ ಹೋದ ರೊಕ್ಕ ವಾಪಸ್ ಬರುತ್ತದಾ?

ಕೇಳಿದವರು, ಬೆಳಗಾವಿ ಟಿಳಕವಾಡಿ:
ತಿರುಪತಿಗೆ ಹೋಗಲು ಜೂನ್ 8ರಂದು ಆನ್‌ಲೈನ್‌ನಲ್ಲಿ 12 ಸೀಟಿನ ಟಿಟಿ ಬುಕ್ ಮಾಡಿ, ಕ್ರೆಡಿಟ್ ಕಾರ್ಡಿನಲ್ಲಿ 21,600 ಕಟ್ಟಿದ್ದೆ. ಅಕ್ಟೋಬರ್ 4ರ ನಸುಕಿನ 4ಕ್ಕೆ ಚನ್ನಮ್ಮ ವೃತ್ತಕ್ಕೆ ಬರಬೇಕಿತ್ತು, ಬರಲೇ ಇಲ್ಲ. ಬ್ಯಾಂಕಿನ ಕಸ್ಟಮರ್ ಕೇರ್‌ನವರು "ಇದು ನೀವು ಮಾಡಿದ್ದಾ?" ಅಂದರು. ಸಿಟ್ಟಿನಲ್ಲಿ "ಇಲ್ಲ, ಮೋಸ" ಅಂದೆ. ಕಾರ್ಡ್ ಬ್ಲಾಕ್ ಆಯಿತು. ಆಮೇಲೆ "ಓಟಿಪಿ ಹಾಕಿದ್ದೀರಿ" ಅಂತ ದೂರು ಮುಚ್ಚಿದರು. ಪತ್ರ ಹೇಗೆ ಬರೆಯಲಿ?

ಗೋಕಾಕದ ಅಂಗಡಿಯವರು:
ಇದಕ್ಕೆ 120 ದಿನದ ಗಡುವು ಇದೆ ರೀ. ಜೂನ್ 8ರಿಂದ ಎಣಿಸಿದರೆ ಅದು ಮುಗಿದೇ ಹೋಯಿತು. ಸುಮ್ನೆ ಓಡಾಡಬೇಡಿ, ಗ್ರಾಹಕರ ಆಯೋಗಕ್ಕೆ ಹೋಗಿ.

ವಿಜಯಪುರದವರು, ಮೊದಲು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಇದ್ದವರು:
120 ದಿನ ಅನ್ನುವುದು ಸರಿ, ಎಣಿಕೆ ತಪ್ಪು. ಮುಂದೆ ಸಿಗಬೇಕಾದ ಸೇವೆಗೆ ರೊಕ್ಕ ಕಟ್ಟಿದ್ದರೆ, ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಸೇವೆ ಸಿಗಬೇಕಿದ್ದ ದಿನದಿಂದ ಎಣಿಸುತ್ತಾರೆ. ಅಂದರೆ ಅಕ್ಟೋಬರ್ 4ರಿಂದ. ಜನವರಿ ಕೊನೆಯವರೆಗೆ ಸಮಯ ಇದೆ. ಆದರೆ ಬ್ಯಾಂಕಿಗೂ ಕೆಲಸಕ್ಕೆ ದಿನ ಬೇಕು, ಅದಕ್ಕೇ ಈ ವಾರವೇ ಕಳಿಸಿ. ರುಪೇ ಕಾರ್ಡ್ ಆಗಿದ್ದರೆ ಗಡುವು ಬ್ಯಾಂಕಿನಲ್ಲೇ ಕೇಳಿ.

ನಿಮ್ಮ ದೂರು ಬಿದ್ದದ್ದು ಒಂದು ಮಾತಿನಿಂದ. "ನಾನು ಮಾಡಿಲ್ಲ" ಅಂದರೆ ಅದು ಕಳ್ಳತನದ ದೂರು. ಆಗ ಅವರು ಓಟಿಪಿ ನೋಡುತ್ತಾರೆ, ಅದು ನಿಮ್ಮ ಫೋನಿಗೆ ಬಂದಿರುತ್ತದೆ, ಕಥೆ ಮುಗಿಯಿತು. ನಿಮ್ಮದು ಬೇರೆ ಬಗೆ: ರೊಕ್ಕ ನಾನೇ ಕಟ್ಟಿದೆ, ಸೇವೆ ಸಿಗಲಿಲ್ಲ. ಇಲ್ಲಿ ಓಟಿಪಿ ಅಡ್ಡ ಬರುವುದೇ ಇಲ್ಲ. ಒಕ್ಕಣೆ ಹೀಗಿರಲಿ:

"ನನ್ನ ಕಾರ್ಡಿನ ಕೊನೆಯ ನಾಲ್ಕು ಅಂಕಿ ….. ಜೂನ್ 8ರ 21,600 ರೂಪಾಯಿ ವ್ಯವಹಾರ ನಾನೇ ಮಾಡಿದ್ದು. ಹಿಂದಿನ ದೂರು (ಸಂಖ್ಯೆ …) ಮೋಸ ಎಂದು ತಪ್ಪಾಗಿ ದಾಖಲಾಗಿದೆ. ಇದನ್ನು 'ಸೇವೆ ಸಿಕ್ಕಿಲ್ಲ' ಎಂಬ ಹೊಸ ತಕರಾರಾಗಿ ತೆಗೆದುಕೊಳ್ಳಿ. ಅಕ್ಟೋಬರ್ 4ರ ಬೆಳಿಗ್ಗೆ 4ಕ್ಕೆ ವಾಹನ ಬರಬೇಕಿತ್ತು, ಬರಲಿಲ್ಲ. ನಾನು ಬುಕಿಂಗ್ ರದ್ದು ಮಾಡಿಲ್ಲ. ಅದೇ ದಿನ ಮೇಲ್‌ನಲ್ಲಿ ಹಣ ವಾಪಸ್ ಕೇಳಿದೆ, ಉತ್ತರವಿಲ್ಲ. ಮರ್ಚಂಟ್ ಮೇಲೆ ಚಾರ್ಜ್‌ಬ್ಯಾಕ್ ಹಾಕಿ."

ಚಾರ್ಜ್‌ಬ್ಯಾಕ್ ಅಂದರೆ ಕಾರ್ಡಿನಲ್ಲಿ ಕಟ್ಟಿದ ರೊಕ್ಕವನ್ನು ಬ್ಯಾಂಕಿನ ಮೂಲಕ ಮರ್ಚಂಟ್‌ನಿಂದ ವಾಪಸ್ ತರಿಸುವುದು. "ರದ್ದು ಮಾಡಿಲ್ಲ" ಅನ್ನುವ ಸಾಲು ಬಿಡಬೇಡಿ. ಟಿಟಿಯವರ ಮೊದಲ ಉತ್ತರವೇ "ಗ್ರಾಹಕರೇ ಕ್ಯಾನ್ಸಲ್ ಮಾಡಿದರು, ನಮ್ಮಲ್ಲಿ ರೀಫಂಡ್ ಇಲ್ಲ" ಎಂದಿರುತ್ತದೆ. ಇನ್ನೊಂದು, ಸ್ಟೇಟ್‌ಮೆಂಟಿನಲ್ಲಿ ಟಿಟಿಯವರ ಬದಲು ಪೇಮೆಂಟ್ ಗೇಟ್‌ವೇ ಹೆಸರು ಇರಬಹುದು. ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಪೂರ್ತಿ ಕಾರ್ಡ್ ನಂಬರ್, ಸಿವಿವಿ ಎಲ್ಲೂ ಬರೆಯಬೇಡಿ.

ನವನಗರ, ಬಾಗಲಕೋಟೆ:
ನನಗೂ ಹಿಂಗೇ ಆಗಿತ್ತು. ಎಟಿಎಂನಲ್ಲಿ 5,000 ಬರಲಿಲ್ಲ, ಖಾತೆಯಿಂದ ಕಟ್ ಆಯಿತು. ಆರು ದಿನಕ್ಕೆ ತಾನೇ ಬಂತು. ಸುಮ್ನೆ ಕಾಯಿರಿ.

ವಿಜಯಪುರದವರು:
ಅಕ್ಕೋರೆ, ಅದು ಮಷಿನ್ ತಪ್ಪು, ಬ್ಯಾಂಕಿನ ಲೆಕ್ಕದಲ್ಲೇ ಗೊತ್ತಾಗುತ್ತದೆ. ಟಿಟಿ ಬಂತೋ ಇಲ್ಲವೋ ಅನ್ನುವುದು ಬ್ಯಾಂಕಿಗೆ ಹೇಗೆ ತಿಳಿಯಬೇಕು? ಇವರು ಕಾದರೆ ದಿನ ಹೋಗುತ್ತದೆ ಅಷ್ಟೇ.

ಕೇಳಿದವರು:
ಗಾಡಿ ಬಂದಿಲ್ಲ ಅನ್ನುವುದಕ್ಕೆ ಸಾಕ್ಷಿ ಏನು ಕೊಡಲಿ? ಬರದೇ ಇದ್ದದ್ದಕ್ಕೆ ಫೋಟೋ ಇರುತ್ತದಾ?

ವಿಜಯಪುರದವರು:
ಒಳ್ಳೆಯ ಪ್ರಶ್ನೆ. ಹಿಂದಿನ ರಾತ್ರಿ ಡ್ರೈವರ್ ನಂಬರ್ ಬಂದಿತ್ತಾ? ಬಂದಿಲ್ಲ ಅಂದರೆ ಬರೆಯಿರಿ. 4ರಿಂದ ಎಷ್ಟು ಸಲ ಫೋನ್ ಮಾಡಿದಿರಿ, ಆ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ಹಚ್ಚಿ. ಅವತ್ತು ಬೇರೆ ಗಾಡಿ ಮಾಡಿಕೊಂಡಿರಾ?

ಕೇಳಿದವರು:
ಹೌದು, 7ಕ್ಕೆ ಪರಿಚಯದವರ ಗಾಡಿ ಸಿಕ್ಕಿತು. ರೊಕ್ಕ ಫೋನ್‌ಪೇ ಮಾಡಿದ್ದೆ.

ವಿಜಯಪುರದವರು:
ಅದೇ ನಿಮ್ಮ ಗಟ್ಟಿ ಸಾಕ್ಷಿ. ಟಿಟಿ ಬಂದಿದ್ದರೆ ಅದೇ ಬೆಳಿಗ್ಗೆ ಯಾರಾದರೂ ಎರಡನೇ ಗಾಡಿಗೆ ರೊಕ್ಕ ಕೊಡುತ್ತಾರಾ? ಆದರೆ ಆ ಬಾಡಿಗೆಯನ್ನು ಬ್ಯಾಂಕಿನಲ್ಲಿ ಕೇಳಬೇಡಿ, ಚಾರ್ಜ್‌ಬ್ಯಾಕ್‌ನಲ್ಲಿ ಕಟ್ಟಿದ 21,600 ಮಾತ್ರ. ಮಧ್ಯೆ ಕಾರ್ಡಿಗೆ ರೊಕ್ಕ ಜಮಾ ಆದರೂ ಗೆದ್ದೆವು ಅಂದುಕೊಳ್ಳಬೇಡಿ. ಮರ್ಚಂಟ್ ದಾಖಲೆ ಕೊಟ್ಟರೆ ತಿರುಗಿ ಕಟ್ ಆಗಬಹುದು.

ಮುಧೋಳದವರು:
ನನ್ನದು ಜಿಮ್. ವರ್ಷದ 12,000 ಕಟ್ಟಿದ್ದೆ, ನಾಲ್ಕು ತಿಂಗಳಿಗೆ ಬಾಗಿಲು ಹಾಕಿದರು. ಪೂರ್ತಿ ಕೇಳಲಾ?

ವಿಜಯಪುರದವರು:
ಎಂಟು ತಿಂಗಳಿನ 8,000 ಮಾತ್ರ. ಪೂರ್ತಿ ಕೇಳಿದರೆ ನಿಮ್ಮ ಹಾಜರಿ ತೋರಿಸಿ ತಕರಾರನ್ನೇ ಬೀಳಿಸುತ್ತಾರೆ. ಬಾಗಿಲು ಹಾಕಿದ ದಿನಕ್ಕೆ ಸಾಕ್ಷಿ ಹುಡುಕಿ, ನಿಮ್ಮಲ್ಲಿ ಜಗಳ ಆ ತಾರೀಖಿನ ಮೇಲೇ ಆಗುತ್ತದೆ.

ಗೋಕಾಕದ ಅಂಗಡಿಯವರು:
ಸರಿ, ಎಣಿಕೆ ನನ್ನದೇ ತಪ್ಪು. ಆದರೂ ಬ್ಯಾಂಕ್ ಬಾಯಿ ಬಿಡದಿದ್ದರೆ?

ವಿಜಯಪುರದವರು:
30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅವರು ನೋಡುವುದು ಬ್ಯಾಂಕಿನ ತಪ್ಪನ್ನು, ಟಿಟಿಯವನದ್ದಲ್ಲ. ಅವನ ಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಬೇರೆ ದೂರು ಕೊಡಿ.

ಕೇಳಿದವರು:
ಮೇಲ್ ಕಳಿಸಿದೆ, ಹೊಸ ದೂರು ಸಂಖ್ಯೆ ಬಂತು. ಈ ಸಲ "ಸೇವೆ ಸಿಕ್ಕಿಲ್ಲ" ಅಂತಲೇ ದಾಖಲಾಗಿದೆ. ಎರಡನೇ ಗಾಡಿಯವರು ಮಾತ್ರ ಬಿಲ್ ಬರೆದುಕೊಡಲು ಒಲ್ಲೆ ಅನ್ನುತ್ತಿದ್ದಾರೆ, ಫೋನ್‌ಪೇ ರಸೀದಿಯನ್ನೇ ಹಚ್ಚಿದ್ದೇನೆ.